ಸದ್ದಿಲ್ಲದೆ ಸೋರುವ ಫ್ಲಶ್ ಟ್ಯಾಂಕ್: ಬಣ್ಣದ ಪರೀಕ್ಷೆಯನ್ನು ತಪ್ಪಿಲ್ಲದೆ ಮಾಡುವ ಕ್ರಮ

ಫ್ಲಶ್ ಟ್ಯಾಂಕಿನ ನೀರಿಗೆ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ಬಿಟ್ಟು, ಕಮೋಡಿನೊಳಗೆ ಆ ಬಣ್ಣ ಇಳಿದಿದೆಯೇ ಎಂದು ನೋಡುವುದು. ಪರೀಕ್ಷೆ ಎಂದರೆ ಇಷ್ಟೇ. ಆದರೂ ಇದನ್ನು ಮಾಡಿ ನೋಡಿದ ಅನೇಕರಿಂದ ಎರಡು ದೂರುಗಳು ಮತ್ತೆ ಮತ್ತೆ ಬರುತ್ತವೆ. "ಬಣ್ಣ ಇಳಿಯಿತು, ವಾಷರ್ ಬದಲಿಸಿದೆ, ಮತ್ತೆ ಬಣ್ಣ ಇಳಿಯುತ್ತಿದೆ" ಎನ್ನುವುದು ಒಂದು. "ಬಣ್ಣ ಇಳಿಯಲೇ ಇಲ್ಲ, ಆದರೆ ಮೇಲಿನ ಟ್ಯಾಂಕ್ ಮಾತ್ರ ಖಾಲಿಯಾಗುತ್ತಲೇ ಇದೆ" ಎನ್ನುವುದು ಇನ್ನೊಂದು. ಎರಡಕ್ಕೂ ಕಾರಣ ಬಣ್ಣವಲ್ಲ. ಬಣ್ಣ ಹಾಕುವ ಮುಂಚೆ ಮತ್ತು ಆಮೇಲೆ ಮಾಡಬೇಕಾದ ಕೆಲಸಗಳನ್ನು ಬಿಟ್ಟಿರುವುದು, ಇಲ್ಲವೇ ಹಿಂದುಮುಂದು ಮಾಡಿರುವುದು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಮೊದಲು ಒಂದು ಹೆಸರು ಸ್ಪಷ್ಟವಾಗಲಿ. ಫ್ಲಾಪರ್ ಎಂದರೆ ಟ್ಯಾಂಕಿನ ತಳದಲ್ಲಿರುವ ದೊಡ್ಡ ತೂತನ್ನು ಮುಚ್ಚಿಕೊಂಡು ಕೂರುವ ರಬ್ಬರ್ ಬಿಲ್ಲೆ. ಕೆಲವು ಟ್ಯಾಂಕುಗಳಲ್ಲಿ ಅದು ಸಣ್ಣ ಸರಪಳಿಗೆ ಸಿಕ್ಕಿಕೊಂಡು ಬಾಗಿಲಿನಂತೆ ಏಳುತ್ತದೆ. ನಮ್ಮಲ್ಲಿ ಈಗ ಹೆಚ್ಚಾಗಿ ಕಾಣುವ ಎರಡು ಗುಂಡಿಯ ಟ್ಯಾಂಕುಗಳಲ್ಲಿ ಅದೇ ಕೆಲಸವನ್ನು ನಡುವೆ ಕಂಬದಂತೆ ನಿಂತಿರುವ ಫ್ಲಶ್ ವಾಲ್ವಿನ ಬುಡದ ದುಂಡು ವಾಷರ್ ಮಾಡುತ್ತದೆ. ಸೋರುವ ಬಗೆ ಎರಡರಲ್ಲೂ ಒಂದೇ ಆದ್ದರಿಂದ ಇಲ್ಲಿ ಎರಡನ್ನೂ ಫ್ಲಾಪರ್ ಎಂದೇ ಕರೆಯುತ್ತೇನೆ.

## ಅನುಮಾನ ಪಡಬೇಕಾದ ಸೂಚನೆಗಳು

ಈ ಸೋರಿಕೆ ಕಿವಿಗೆ ಬೀಳುವುದಿಲ್ಲ. ಫ್ಲಾಪರ್ ಸಂದಿಯಿಂದ ಜಾರಿದ ನೀರು ಕಮೋಡಿನ ಹಿಂದಿನ ಗೋಡೆಗೆ ಅಂಟಿಕೊಂಡೇ ತೆಳುವಾದ ಪದರವಾಗಿ ಇಳಿಯುತ್ತದೆ. ತೊಟ್ಟಿಕ್ಕುವುದಿಲ್ಲ, ಹನಿ ಬೀಳುವ ಸದ್ದಿಲ್ಲ. ನೆಲವೂ ಒದ್ದೆಯಾಗುವುದಿಲ್ಲ, ಏಕೆಂದರೆ ಹೋದ ನೀರೆಲ್ಲ ನೇರ ಒಳಚರಂಡಿಗೆ ಹೋಗುತ್ತದೆ.

ಆದರೂ ಮೂರು ಗುರುತುಗಳಿವೆ. ಯಾರೂ ಬಚ್ಚಲುಮನೆಗೆ ಹೋಗದಿದ್ದರೂ ಟ್ಯಾಂಕಿಗೆ ನೀರು ತುಂಬುವ 'ಸ್ಸ್' ಎಂಬ ಸದ್ದು ಆಗಾಗ ಕೇಳಿ ನಿಲ್ಲುವುದು ಮೊದಲನೆಯದು. ಕಮೋಡಿನ ಹಿಂಗೋಡೆಯಲ್ಲಿ ಒಂದೇ ಜಾಗದಲ್ಲಿ ಕಂದು ಅಥವಾ ಬಿಳಿ ಗೆರೆ ಮೂಡಿ, ಉಜ್ಜಿದ ಕೆಲವೇ ದಿನಗಳಲ್ಲಿ ಮತ್ತೆ ಬರುವುದು ಎರಡನೆಯದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಬಹಳ ನಂಬಬಹುದಾದ ಗುರುತು. ನಿಂತ ನೀರಿನ ಮೇಲ್ಮೈ ಬಲ್ಬಿನ ಬೆಳಕಿನಲ್ಲಿ ಸಣ್ಣಗೆ ನಡುಗುತ್ತಿರುವುದು ಮೂರನೆಯದು.

ನೀರಿನ ಮೀಟರ್ ನೋಡಿ ಕಂಡುಹಿಡಿಯಿರಿ ಎಂಬ ಸಲಹೆ ನಮ್ಮ ಊರುಗಳ ಬಹುಪಾಲು ಮನೆಗಳಿಗೆ ಹೊಂದುವುದಿಲ್ಲ. ಮೀಟರ್ ಇರುವುದು ಸಂಪಿಗೆ ನೀರು ಬರುವ ದಾರಿಯಲ್ಲಿ. ಸಂಪಿನಿಂದ ಮೋಟಾರ್ ಮೂಲಕ ಮೇಲಿನ ಟ್ಯಾಂಕಿಗೆ ಹೋದ ನೀರು ಅಲ್ಲಿಂದ ಎಷ್ಟು ಸೋರಿದರೂ ರಾತ್ರಿ ಮೀಟರ್ ಅಲುಗಾಡುವುದಿಲ್ಲ. ಆದ್ದರಿಂದ ಹುಡುಕಾಟ ಫ್ಲಶ್ ಟ್ಯಾಂಕಿನ ಒಳಗೇ ಆಗಬೇಕು.

## ಹಂತ 1: ಬೇಕಾದ ಸಾಮಾನು ಮತ್ತು ಸರಿಯಾದ ಬಣ್ಣ

ಪೆನ್ಸಿಲ್, ಅಡಿಪಟ್ಟಿ, ಮೊಬೈಲ್ ಟಾರ್ಚ್, ಒಂದು ಒಣ ಬಟ್ಟೆ, ಒಂದೆರಡು ಟಿಶ್ಯೂ ಕಾಗದ, ಒಂದು ಲೀಟರಿನ ನೀರಿನ ಬಾಟಲಿ. ಇವುಗಳ ಜೊತೆಗೆ ಬಣ್ಣ.

ಬಣ್ಣಕ್ಕೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ದ್ರವರೂಪದ ಆಹಾರದ ಬಣ್ಣವೇ ಉತ್ತಮ. ನೀಲಿ ಅಥವಾ ಹಸಿರು ಕೊಳ್ಳಿ. ಮನೆಯಲ್ಲಿ ಕೇಸರಿಭಾತಿಗೆ ಹಾಕುವ ಪುಡಿ ಇದ್ದರೆ ಅದೂ ಆಗುತ್ತದೆ. ಆದರೆ ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರಿನಲ್ಲಿ ಮೊದಲೇ ಕಂದು ಕಲೆ ಇರುವುದರಿಂದ ಆ ಬಣ್ಣವನ್ನು ಗುರುತಿಸುವುದು ಕಷ್ಟ. ಪುಡಿಯನ್ನು ಬಳಸುವುದಾದರೆ ಕಾಲು ಚಮಚದಷ್ಟನ್ನು ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿಯೇ ಹಾಕಿ. ಕರಗದ ಕಾಳು ಫ್ಲಾಪರ್ ಅಡಿಗೆ ಸಿಕ್ಕಿಕೊಂಡರೆ, ಇಲ್ಲದ ಸೋರಿಕೆಯನ್ನು ನೀವೇ ಹುಟ್ಟಿಸಿದಂತಾಗುತ್ತದೆ. ಯಾವುದೂ ಇಲ್ಲದಿದ್ದರೆ ಸೋಸಿದ ಬೀಟ್‌ರೂಟ್ ರಸ ಒಂದು ಲೋಟ ಸಾಕು.

ಅರಿಶಿನ, ಕುಂಕುಮ ಬೇಡ. ಅವು ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಇಳಿದು ವಾಷರ್ ಸುತ್ತ ಕೂರುತ್ತವೆ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಮುಟ್ಟಲೇಬೇಡಿ. ಅದು ರಬ್ಬರಿಗೂ ಪಿಂಗಾಣಿಗೂ ಕೆಡುಕು. ಟ್ಯಾಂಕಿನೊಳಗೆ ನೀಲಿ ಬಣ್ಣದ ಶುಚಿ ಮಾತ್ರೆ ಹಾಕುವ ಅಭ್ಯಾಸವಿದ್ದರೆ ಅದನ್ನು ತೆಗೆದು, ಕಮೋಡಿನ ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಬಾರಿ ಫ್ಲಶ್ ಮಾಡಿದ ಮೇಲೆಯೇ ಪರೀಕ್ಷೆಗೆ ಇಳಿಯಿರಿ.

## ಹಂತ 2: ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡಿ

ಮುಚ್ಚಳವನ್ನು ಎರಡೂ ಕೈಯಿಂದ ನೇರಕ್ಕೆ ಮೇಲೆತ್ತಿ, ನೆಲದ ಮೇಲೆ ಬಟ್ಟೆ ಹಾಸಿ ಇಡಿ. ಎರಡು ಗುಂಡಿಯ ಕೆಲವು ಟ್ಯಾಂಕುಗಳಲ್ಲಿ ಗುಂಡಿಯ ಸುತ್ತಲಿನ ಉಂಗುರವನ್ನು ತಿರುಗಿಸಿ ಬಿಚ್ಚಿದ ಮೇಲೆ ಮಾತ್ರ ಮುಚ್ಚಳ ಏಳುತ್ತದೆ. ಜೋರಾಗಿ ಎಳೆಯಬೇಡಿ.

ಒಳಗೆ ಮೂರು ವಸ್ತುಗಳನ್ನು ಗುರುತಿಸಿ. ಒಂದು ಬದಿಯಲ್ಲಿ ನೀರು ಒಳಬರುವ ವಾಲ್ವ್ ಮತ್ತು ಅದರ ತೇಲುವ ಚೆಂಡು ಅಥವಾ ಬಟ್ಟಲು. ಪ್ಲಂಬರ್‌ಗಳು ಇದನ್ನು ಬಾಲ್ ಕಾಕ್ ಎನ್ನುತ್ತಾರೆ. ನಡುವೆ ಫ್ಲಶ್ ವಾಲ್ವ್, ಅದರ ಬುಡದಲ್ಲಿ ಫ್ಲಾಪರ್. ಮೂರನೆಯದು ಓವರ್‌ಫ್ಲೋ ಪೈಪು: ನೀರು ಮಿತಿಮೀರಿದರೆ ಹೊರಗೆ ಚೆಲ್ಲದೆ ಕಮೋಡಿಗೆ ಇಳಿಯಲೆಂದು ಮೇಲ್ತುದಿ ತೆರೆದಿರುವ ಕೊಳವೆ. ಹಲವು ಎರಡು ಗುಂಡಿಯ ಟ್ಯಾಂಕುಗಳಲ್ಲಿ ಈ ಕೊಳವೆ ಬೇರೆಯಾಗಿ ಕಾಣುವುದಿಲ್ಲ. ನಡುವಿನ ಕಂಬವೇ ಟೊಳ್ಳಾಗಿದ್ದು, ಅದರ ಬಾಯಿ ಗುಂಡಿಗಳ ಕೆಳಗೇ ಇರುತ್ತದೆ. ಇದನ್ನು ನೆನಪಿನಲ್ಲಿಡಿ, ಬಣ್ಣ ಹಾಕುವಾಗ ಬೇಕಾಗುತ್ತದೆ.

ಪಕ್ಕದ ಹಿಡಿಯನ್ನು ತಿರುಗಿಸಿದಾಗ ನೀರನ್ನು ಮೇಲೆ ಹೀರಿ ಬಾಗಿದ ಕೊಳವೆಯ ಮೂಲಕ ಇಳಿಸುವ ಹಳೆಯ ಸೈಫನ್ ಟ್ಯಾಂಕು ನಿಮ್ಮದಾದರೆ ಅದರಲ್ಲಿ ಫ್ಲಾಪರ್ ಇಲ್ಲ. ಅಂಥ ಟ್ಯಾಂಕಿನಿಂದ ನೀರು ಹೋಗುತ್ತಿದ್ದರೆ ನೋಡಬೇಕಾದ್ದು ಬಾಲ್ ಕಾಕನ್ನು.

## ಹಂತ 3: ನೀರು ಒಳಬರುವ ದಾರಿಯನ್ನು ಮುಚ್ಚಿ

ಬಣ್ಣ ಇಳಿದರೂ ವಾಷರ್ ತಪ್ಪಿರದ ಪ್ರಕರಣಗಳ ಮೂಲ ಹೆಚ್ಚಾಗಿ ಇಲ್ಲೇ. ಕಮೋಡಿಗೆ ಬಣ್ಣದ ನೀರು ಹೋಗಲು ಎರಡು ದಾರಿಗಳಿವೆ: ಫ್ಲಾಪರ್ ಸಂದಿ ಮತ್ತು ಓವರ್‌ಫ್ಲೋ ಪೈಪು. ಬಾಲ್ ಕಾಕ್ ಸರಿಯಾಗಿ ನಿಲ್ಲದಿದ್ದರೆ ನೀರು ತುಂಬುತ್ತಲೇ ಇದ್ದು, ಹೆಚ್ಚಾದದ್ದು ಓವರ್‌ಫ್ಲೋ ಪೈಪಿನ ಬಾಯಿಯಿಂದ ಇಳಿಯುತ್ತದೆ. ಆ ದಾರಿ ತೆರೆದಿರುವಾಗ ಬಣ್ಣ ಹಾಕಿದರೆ ಕಮೋಡಿನಲ್ಲಿ ಬಣ್ಣ ಕಂಡೇ ಕಾಣುತ್ತದೆ. ನಿರಪರಾಧಿ ಫ್ಲಾಪರ್ ಬದಲಾಗುತ್ತದೆ, ಸೋರಿಕೆ ಉಳಿಯುತ್ತದೆ.

ಮೊದಲು ಪೂರ್ತಿ ಫ್ಲಶ್ ಮಾಡಿ, ಟ್ಯಾಂಕು ತುಂಬಿ ಸದ್ದು ನಿಲ್ಲುವವರೆಗೆ ಕಾಯಿರಿ. ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಸುಮಾರು 2 ಸೆಂಟಿಮೀಟರ್ ಕೆಳಗಿರಬೇಕು. ಬಾಯಿಯ ಅಂಚಿನವರೆಗೂ ನೀರಿದ್ದರೆ ಬಾಲ್ ಕಾಕಿನ ದೋಷ ಆಗಲೇ ಸಿಕ್ಕಿತು. ತೇಲುವ ಬಟ್ಟಲಿನ ತಿರುಪನ್ನು ತಿರುಗಿಸಿ ಮಟ್ಟ ಇಳಿಸಿ, ನಂತರ ಮುಂದುವರಿಯಿರಿ.

ಈಗ ಗೋಡೆಯಿಂದ ಟ್ಯಾಂಕಿಗೆ ಬರುವ ಪೈಪಿನ ಆ್ಯಂಗಲ್ ಕಾಕನ್ನು ಪೂರ್ತಿ ಮುಚ್ಚಿ. ವರ್ಷಗಟ್ಟಲೆ ತಿರುಗಿಸದ ಕಾಕು ಬಿಗಿಯಾಗಿರುತ್ತದೆ. ನಿಧಾನವಾಗಿ ತಿರುಗಿಸಿ. ಅದರ ಕುತ್ತಿಗೆಯಲ್ಲಿ ನೀರು ಜಿನುಗತೊಡಗಿದರೆ ಬಲ ಹಾಕಬೇಡಿ, ತಾರಸಿಯಲ್ಲಿ ಆ ಬಚ್ಚಲುಮನೆಗೆ ಬರುವ ಗೇಟ್ ವಾಲ್ವನ್ನು ಮುಚ್ಚಿ.

ಕಾಕು ನಿಜವಾಗಿ ಮುಚ್ಚಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಸಣ್ಣ ಫ್ಲಶ್ ಮಾಡಿ ಐದು ನಿಮಿಷ ಟ್ಯಾಂಕಿನೊಳಗೆ ನೋಡಿ. ನೀರು ಏರಬಾರದು, ಒಳಬರುವ ವಾಲ್ವಿನ ಬಳಿ ಸದ್ದಿರಬಾರದು. ಅರೆಬರೆ ಮುಚ್ಚಿದ ಕಾಕು ಸೋರಿದಷ್ಟು ನೀರನ್ನು ಮೆಲ್ಲಗೆ ತುಂಬಿಕೊಡುತ್ತಾ ಮಟ್ಟವನ್ನು ಹಾಗೇ ಉಳಿಸಿ ಮೋಸ ಮಾಡುತ್ತದೆ. ಸರಿಯಾಗಿದ್ದರೆ ಮತ್ತೆ ತೆರೆದು, ತುಂಬಿಸಿ, ಮತ್ತೆ ಮುಚ್ಚಿ.

## ಹಂತ 4: ಹತ್ತು ನಿಮಿಷ ಕಾಯಿರಿ, ಗೆರೆ ಎಳೆಯಿರಿ

ಫ್ಲಶ್ ಆದ ಮೇಲೆ ಕಮೋಡಿನ ಅಂಚಿನೊಳಗೆ ಉಳಿದ ನೀರು ಕೆಲವು ನಿಮಿಷ ಇಳಿಯುತ್ತಲೇ ಇರುತ್ತದೆ. ಅದನ್ನು ಸೋರಿಕೆ ಎಂದು ತಿಳಿಯುವವರಿದ್ದಾರೆ. ಹತ್ತು ನಿಮಿಷ ಬಿಟ್ಟುಬಿಡಿ. ಹೆಲ್ತ್ ಫಾಸೆಟ್ ತುದಿಯಿಂದ ಹನಿ ಬೀಳುತ್ತಿದ್ದರೆ ಅದರ ಕಾಕನ್ನೂ ಮುಚ್ಚಿ.

ನಂತರ ಟ್ಯಾಂಕಿನ ಒಳಗೋಡೆಯ ಮೇಲೆ, ನೀರು ನಿಂತಿರುವ ಮಟ್ಟಕ್ಕೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದು ಸಮಯ ಬರೆದುಕೊಳ್ಳಿ. ಗೋಡೆ ಒದ್ದೆಯಾಗಿದ್ದು ಗೆರೆ ಮೂಡದಿದ್ದರೆ ಅಡಿಪಟ್ಟಿಯನ್ನು ಟ್ಯಾಂಕಿನ ಮೇಲಂಚಿನಿಂದ ಕೆಳಗಿಳಿಸಿ, ನೀರಿನವರೆಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದರೂ ಸರಿ.

ಈ ಗೆರೆಯೊಂದೇ ಅರ್ಧ ಪರೀಕ್ಷೆ. ಬಣ್ಣವೇ ಇಲ್ಲದ ಮನೆಯಲ್ಲಿ ಇದನ್ನಷ್ಟೇ ಮಾಡಿದರೂ ಉತ್ತರ ಸಿಗುತ್ತದೆ. ಒಳಬರುವ ದಾರಿ ಮುಚ್ಚಿರುವಾಗ ನೀರು ಇಳಿಯಿತು ಎಂದರೆ ಎಲ್ಲಿಂದಲೋ ಹೋಗಿದೆ. ಎಲ್ಲಿ ಬಂದು ನಿಂತಿತು ಎಂಬುದನ್ನು ಗಮನಿಸಿ. ತಳದವರೆಗೂ ಇಳಿಯುತ್ತಾ ಹೋದರೆ ಫ್ಲಾಪರ್, ಇಲ್ಲವೇ ಫ್ಲಶ್ ವಾಲ್ವನ್ನು ಟ್ಯಾಂಕಿಗೆ ಕೂರಿಸಿರುವ ದೊಡ್ಡ ವಾಷರ್. ನಡುವೆ ಎಲ್ಲೋ ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಂತುಬಿಟ್ಟರೆ ಆ ಎತ್ತರದಲ್ಲಿ ಓವರ್‌ಫ್ಲೋ ಕೊಳವೆಗೆ ಬಿರುಕು ಇರುವ ಸಾಧ್ಯತೆ ಹೆಚ್ಚು.

## ಹಂತ 5: ಬಣ್ಣ ಹಾಕುವುದು

ಸಾಮಾನ್ಯ ಮನೆಯ ಟ್ಯಾಂಕಿಗೆ ದ್ರವ ಬಣ್ಣ 10ರಿಂದ 15 ಹನಿ ಸಾಕು. ಅದನ್ನು ಟ್ಯಾಂಕಿನ ಮೂಲೆಯಲ್ಲಿ, ಗೋಡೆಗೆ ತಾಗಿಸಿ ಬಿಡಿ. ನಡುವಿನ ಕಂಬದ ಹತ್ತಿರ ಬೇಡ. ಮುಚ್ಚಳ ತೆಗೆಯುವ ಕಷ್ಟ ಬೇಡವೆಂದು ಗುಂಡಿಯ ತೂತಿನಿಂದ ಬಣ್ಣ ಸುರಿದವರಿದ್ದಾರೆ. ಆ ಬಣ್ಣ ಟೊಳ್ಳು ಕಂಬದ ಬಾಯಿಗೆ ಬಿದ್ದು, ಅರೆಕ್ಷಣದಲ್ಲಿ ಕಮೋಡಿಗೆ ಇಳಿದಿರುತ್ತದೆ. ಬಣ್ಣ ಹಾಕಿದ ಕೂಡಲೇ, ಅಂದರೆ ಹತ್ತು ಸೆಕೆಂಡಿನೊಳಗೇ ಕಮೋಡಿನಲ್ಲಿ ಗಾಢ ಬಣ್ಣ ಕಂಡರೆ ಅದು ಸೋರಿಕೆಯಲ್ಲ, ಸುರಿದ ಜಾಗ ತಪ್ಪಿದೆ. ಫ್ಲಶ್ ಮಾಡಿ ಮೊದಲಿನಿಂದ ಆರಂಭಿಸಿ.

ಉದ್ದನೆಯ ಚಮಚದಿಂದ ನಾಲ್ಕು ಸುತ್ತು ಮೆಲ್ಲಗೆ ಕಲಕಿ. ಬಣ್ಣ ತಳದವರೆಗೆ ಬೆರೆಯಬೇಕು, ಏಕೆಂದರೆ ಸೋರುವುದು ತಳದ ನೀರು. ಕಲಕುವಾಗ ಫ್ಲಶ್ ವಾಲ್ವಿಗೆ ಚಮಚ ತಾಗದಿರಲಿ.

ಈಗ ಮುಚ್ಚಳವನ್ನು ಮೊದಲಿದ್ದಂತೆಯೇ ಕೂರಿಸಿ. ಮೊದಲ ಸುತ್ತಿನ ಪರೀಕ್ಷೆ ಮುಚ್ಚಳ ಹಾಕಿಯೇ ನಡೆಯಬೇಕು. ಕಾರಣವನ್ನು ಏಳನೆಯ ಹಂತದಲ್ಲಿ ಹೇಳುತ್ತೇನೆ. ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿ. ಇಪ್ಪತ್ತನೆಯ ನಿಮಿಷದಲ್ಲಿ ಮನೆಯ ಮಗು ಬಂದು ಫ್ಲಶ್ ಮಾಡಿದರೆ ಮಾಡಿದ್ದೆಲ್ಲ ನೀರುಪಾಲಾಗುತ್ತದೆ.

## ಹಂತ 6: ಫಲಿತಾಂಶ ಓದುವುದು

ಕಮೋಡಿನಲ್ಲಿ ನಿಂತ ನೀರನ್ನು ನೋಡುತ್ತಾ ಕೂರಬೇಡಿ. ಸಣ್ಣ ಸೋರಿಕೆಯ ಬಣ್ಣ ಅಷ್ಟು ನೀರಿನಲ್ಲಿ ಬೆರೆತು ಕಾಣದೇ ಹೋಗಬಹುದು. ನೋಡಬೇಕಾದ್ದು ನೀರಿಗಿಂತ ಮೇಲಿನ ಬಿಳಿ ಹಿಂಗೋಡೆಯನ್ನು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಇಳಿಯುವ ನೀರಿನ ಪದರ ಹೊಳೆಯುತ್ತದೆ, ಅದರೊಳಗಿನ ಬಣ್ಣವೂ ಕಾಣುತ್ತದೆ. ಇಂಡಿಯನ್ ಶೈಲಿಯ ಕಕ್ಕಸಾದರೆ ಫ್ಲಶ್ ಪೈಪು ಬಂದು ಸೇರುವ ಬಾಯಿಯ ಕೆಳಗೆ ನೋಡಿ.

ಮೊದಲ ಐದು ನಿಮಿಷಕ್ಕೇ ಬಣ್ಣದ ಗೆರೆ ಕಂಡರೆ ಸೋರಿಕೆ ದೊಡ್ಡದು. ಹದಿನೈದು, ಇಪ್ಪತ್ತು ನಿಮಿಷದ ನಂತರ ಕಂಡರೆ ಸಣ್ಣದು. ಮೂವತ್ತು ನಿಮಿಷವಾದರೂ ಏನೂ ಕಾಣದಿದ್ದರೆ ಒಮ್ಮೆ ಕಾಗದದ ಪರೀಕ್ಷೆ ಮಾಡಿ: ಹಿಂಗೋಡೆಯನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಟಿಶ್ಯೂ ಕಾಗದದ ಪಟ್ಟಿಯೊಂದನ್ನು ನೀರಿಗೆ ತಾಗದಂತೆ ಅಂಟಿಸಿ ಹತ್ತು ನಿಮಿಷ ಬಿಡಿ. ಕಾಗದದ ಮೇಲಂಚಿನಿಂದ ಬಣ್ಣದ ಎಳೆ ಇಳಿದು ಬಂದಿದ್ದರೆ ಬರಿಗಣ್ಣಿಗೆ ಸಿಗದ ಸೋರಿಕೆಯೂ ಸಿಕ್ಕಿಬಿಟ್ಟಿತು. ಬಣ್ಣವಿಲ್ಲದ ತೇವ ಮಾತ್ರ ಇದ್ದರೆ ಅದು ಅಂಚಿನೊಳಗೆ ಉಳಿದಿದ್ದ ನೀರು.

ಮುಗಿದ ಕೂಡಲೇ ಎರಡು ಬಾರಿ ಫ್ಲಶ್ ಮಾಡಿ ಬಣ್ಣವನ್ನು ಹೊರಹಾಕಿ. ರಾತ್ರಿಯಿಡೀ ಬಿಟ್ಟರೆ ಹಳೆಯ ಪಿಂಗಾಣಿಯ ಸೀಳುಗಳಲ್ಲಿ ಬಣ್ಣ ಹಿಡಿದುಕೊಳ್ಳಬಹುದು.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ಫ್ಲಾಪರ್ ಪ್ರತಿ ಬಾರಿಯೂ ಒಂದೇ ರೀತಿ ಕೂರುವುದಿಲ್ಲ. ಇಂದು ಸರಿಯಾಗಿ ಕೂತದ್ದು ನಾಳೆ ಕೂದಲೆಳೆಯಷ್ಟು ಓರೆಯಾಗಿ ಕೂರಬಹುದು. ಬಣ್ಣ ಇಳಿಯದೆಯೂ ನೀರು ಖಾಲಿಯಾಗುವ ಮನೆಗಳಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ಇದೇ. ಆದ್ದರಿಂದ ದೊಡ್ಡ ಗುಂಡಿ ಒತ್ತಿದ ನಂತರ ಒಂದು ಬಾರಿ, ಸಣ್ಣ ಗುಂಡಿ ಒತ್ತಿದ ನಂತರ ಎರಡು ಬಾರಿ ಪರೀಕ್ಷಿಸಿ. ಪ್ರತಿ ಬಾರಿಯೂ ಗುಂಡಿಯನ್ನು ಮನೆಯವರೆಲ್ಲ ಒತ್ತುವಂತೆ ಒತ್ತಿ ಬಿಡಿ; ಪರೀಕ್ಷೆಯೆಂದು ನಾಜೂಕು ಮಾಡಬೇಡಿ.

## ಹಂತ 7: ಮುಚ್ಚಳ ತೆಗೆದು ಇನ್ನೊಮ್ಮೆ

ಬಣ್ಣ ಇಳಿಯಿತು ಎಂದಿಟ್ಟುಕೊಳ್ಳಿ. ಅಂಗಡಿಗೆ ಹೋಗಿ ವಾಷರ್ ತರುವ ಮೊದಲು ಇಡೀ ಪರೀಕ್ಷೆಯನ್ನು ಮುಚ್ಚಳ ತೆಗೆದಿಟ್ಟು ಮತ್ತೊಮ್ಮೆ ಮಾಡಿ.

ಮೈಸೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ನಾನು ಕಲಿತ ಪಾಠವಿದು. ಅವರಿಗೆ ಸಾವಿರ ಲೀಟರಿನ ಮೇಲಿನ ಟ್ಯಾಂಕು. ದಿನ ಬಿಟ್ಟು ದಿನ ಬೆಳಿಗ್ಗೆ ಏಳಕ್ಕೆ ಮೋಟಾರ್ ಹಾಕಿದರೆ ಸಾಕಾಗುತ್ತಿತ್ತು. ಕೆಲವು ವಾರಗಳಿಂದ ಎರಡನೆಯ ರಾತ್ರಿಯೇ ನೀರು ಮುಗಿದು, ಬೆಳಗಿನ ಜಾವ ಎದ್ದವರಿಗೆ ನಲ್ಲಿಯಲ್ಲಿ ಗಾಳಿ ಬರುತ್ತಿತ್ತು. ಪ್ಲಂಬರ್ ಬಂದು ಒಮ್ಮೆ ಫ್ಲಾಪರ್ ವಾಷರ್, ಇನ್ನೊಮ್ಮೆ ಬಾಲ್ ಕಾಕ್ ಬದಲಿಸಿದ್ದರು. "ಅವರು ನೋಡುವಾಗೆಲ್ಲ ಸೋರುವುದೇ ಇಲ್ಲ ಕಣೋ, ಹೋದ ಮೇಲೆ ಸೋರುತ್ತದೆ" ಎಂದು ಅಕ್ಕ ಹೇಳಿದಾಗ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಮುಚ್ಚಳ ಹಾಕಿ ನೀಲಿ ಬಣ್ಣದಿಂದ ಪರೀಕ್ಷಿಸಿದೆ. ನಾಲ್ಕನೆಯ ನಿಮಿಷಕ್ಕೆ ಹಿಂಗೋಡೆಯ ಎಡಭಾಗದಲ್ಲಿ ತಿಳಿನೀಲಿ ದಾರದಂಥ ಗೆರೆ. ಅರ್ಧ ಗಂಟೆಗೆ ನೀರು 3 ಸೆಂಟಿಮೀಟರ್ ಇಳಿದಿತ್ತು. ಮುಚ್ಚಳ ತೆಗೆದು ಅದನ್ನೇ ಮಾಡಿದೆ. ಅರ್ಧ ಗಂಟೆ ಕಳೆದರೂ ಪೆನ್ಸಿಲ್ ಗೆರೆಯಿಂದ ನೀರು ಕದಲಲಿಲ್ಲ, ಕಾಗದವೂ ಒಣಗೇ ಇತ್ತು. ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಪ್ಲಂಬರ್ ನೋಡುವಾಗ ಮುಚ್ಚಳ ತೆಗೆದು ನೆಲದ ಮೇಲಿಟ್ಟಿರುತ್ತಿತ್ತು, ಅವರು ಮುಚ್ಚಿಟ್ಟು ಹೋದ ಮೇಲೆ ಸೋರಿಕೆ ಮತ್ತೆ ಶುರುವಾಗುತ್ತಿತ್ತು.

ದೋಷ ಇದ್ದದ್ದು ಗುಂಡಿಯ ಕಡ್ಡಿಯಲ್ಲಿ. ಗುಂಡಿಯ ಅಡಿಯಿಂದ ಎರಡು ಪ್ಲಾಸ್ಟಿಕ್ ಕಡ್ಡಿಗಳು ಇಳಿದು ಫ್ಲಶ್ ವಾಲ್ವಿನ ತಲೆಯನ್ನು ಒತ್ತುತ್ತವೆ. ಕಡ್ಡಿ ಸ್ವಲ್ಪ ಉದ್ದವಾದರೆ ಯಾರೂ ಒತ್ತದಿದ್ದರೂ ಮುಚ್ಚಳದ ಭಾರಕ್ಕೇ ವಾಲ್ವ್ ಒತ್ತಿಕೊಂಡಿರುತ್ತದೆ, ಫ್ಲಾಪರ್ ಪೂರ್ತಿ ಕೂರುವುದಿಲ್ಲ. ಕಡ್ಡಿಗಳು ತಿರುಪಿನಂತಿದ್ದರೆ ತಿರುಗಿಸಿ ಒಳಗೆಳೆದು ಗಿಡ್ಡ ಮಾಡಿ. ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದರೆ 2-3 ಮಿಲಿಮೀಟರ್ ಸಡಿಲ ಇರಬೇಕು, ಆಮೇಲೆ ಕಡ್ಡಿ ವಾಲ್ವಿಗೆ ತಾಗಬೇಕು. ಮುಚ್ಚಳ ಓರೆಯಾಗಿ ಕೂತಿದ್ದರೂ ಇದೇ ತೊಂದರೆ. ಸರಪಳಿಯ ಫ್ಲಾಪರ್ ಇರುವ ಟ್ಯಾಂಕಿನಲ್ಲಿ ಸರಪಳಿ ಬಿಗಿಯಾಗಿದ್ದರೆ ಹೀಗೇ ಆಗುತ್ತದೆ. ಒಂದೆರಡು ಕೊಂಡಿಯಷ್ಟು ಸಡಿಲ ಬಿಡಿ. ಹೆಚ್ಚು ಸಡಿಲವಾದರೆ ಸರಪಳಿಯೇ ಫ್ಲಾಪರ್ ಅಡಿಗೆ ಸಿಕ್ಕಿಕೊಳ್ಳುತ್ತದೆ.

ಮುಚ್ಚಳ ತೆಗೆದರೂ ಬಣ್ಣ ಇಳಿದರೆ ಮಾತ್ರ ಫ್ಲಾಪರ್ ಮೇಲೆ ಕೈ ಹಾಕಿ.

## ಹಂತ 8: ಎಷ್ಟು ನೀರು ಹೋಗುತ್ತಿದೆ

ಬಣ್ಣ ಸೋರಿಕೆ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಟ್ಯಾಂಕಿನ ಉದ್ದ ಅಗಲ ಅಳೆದು ಗುಣಿಸುವ ಲೆಕ್ಕಕ್ಕಿಂತ ಬಾಟಲಿಯ ಲೆಕ್ಕ ಸರಳ. ಒಳಗೆ ವಾಲ್ವುಗಳು ಜಾಗ ಹಿಡಿದಿರುವುದರಿಂದ ಮತ್ತು ಗೋಡೆಗಳು ಬಾಗಿರುವುದರಿಂದ ಅದೇ ಹೆಚ್ಚು ನಿಖರ ಕೂಡ. ಅರ್ಧ ಗಂಟೆಯಾದ ಮೇಲೆ, ನೀರು ಮತ್ತೆ ಪೆನ್ಸಿಲ್ ಗೆರೆಗೆ ಏರುವವರೆಗೆ ಒಂದು ಲೀಟರಿನ ಬಾಟಲಿಯಿಂದ ಸುರಿಯಿರಿ. ಎಷ್ಟು ಸುರಿದಿರೋ ಅಷ್ಟು ಸೋರಿದೆ.

ಅಕ್ಕನ ಮನೆಯ ಟ್ಯಾಂಕಿನ ಒಳ ಅಳತೆ 36 ಸೆಂಟಿಮೀಟರ್ ಉದ್ದ, 14 ಸೆಂಟಿಮೀಟರ್ ಅಗಲ. 3 ಸೆಂಟಿಮೀಟರ್ ಇಳಿದದ್ದರಿಂದ ಗುಣಾಕಾರಕ್ಕೆ ಒಂದೂವರೆ ಲೀಟರ್ ಬಂತು. ಬಾಟಲಿಯಿಂದ ಸುರಿದಾಗ ಹಿಡಿದದ್ದು 1.4 ಲೀಟರ್. ಗಂಟೆಗೆ 2.8, ದಿನಕ್ಕೆ ಸುಮಾರು 67, ತಿಂಗಳಿಗೆ 2,000 ಲೀಟರ್. ಸಾವಿರ ಲೀಟರಿನ ಟ್ಯಾಂಕು ಎರಡು ಬಾರಿ ತುಂಬಿ ಚರಂಡಿಗೆ ಬಿಟ್ಟಷ್ಟು. ನಿಜವಾದ ಸೋರಿಕೆ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ: ಪರೀಕ್ಷೆಯ ಹೊತ್ತಿಗೆ ನೀರು ಇಳಿಯುತ್ತಾ ಒತ್ತಡ ಕಡಿಮೆಯಾಗುತ್ತದೆ, ಉಳಿದ ದಿನಗಳಲ್ಲಿ ಬಾಲ್ ಕಾಕ್ ತುಂಬುತ್ತಲೇ ಇರುವುದರಿಂದ ಒತ್ತಡ ಹಾಗೇ ಉಳಿಯುತ್ತದೆ.

ಮನೆಯಲ್ಲಿ ಎರಡು ಮೂರು ಕಕ್ಕಸುಗಳಿದ್ದರೆ ಎಲ್ಲದರ ಆ್ಯಂಗಲ್ ಕಾಕುಗಳನ್ನು ರಾತ್ರಿ ಮಲಗುವಾಗ ಮುಚ್ಚಿ, ಎಲ್ಲದರಲ್ಲೂ ಗೆರೆ ಎಳೆದು, ಬೆಳಿಗ್ಗೆ ಒಂದೇ ಸುತ್ತಿನಲ್ಲಿ ನೋಡಬಹುದು. ಯಾವುದು ಮೊದಲು ದುರಸ್ತಿಯಾಗಬೇಕು ಎಂಬುದು ಇಳಿದ ಮಟ್ಟದಿಂದಲೇ ಗೊತ್ತಾಗುತ್ತದೆ. ರಾತ್ರಿ ಯಾರೂ ಬಳಸದಿರುವ ಕಕ್ಕಸಿಗೆ ಮಾತ್ರ ಈ ದಾರಿ.

## ಹಂತ 9: ಬದಲಿಸುವ ಮೊದಲು ತೊಳೆದು ನೋಡಿ

ಕಾಕು ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕು ಖಾಲಿ ಮಾಡಿ. ಎರಡು ಗುಂಡಿಯ ಟ್ಯಾಂಕುಗಳಲ್ಲಿ ನಡುವಿನ ಕಂಬವನ್ನು ಹೆಚ್ಚಾಗಿ ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ನೇರಕ್ಕೆ ಮೇಲೆತ್ತಿ. ಬುಡದಲ್ಲಿ ವಾಷರ್ ಕಾಣುತ್ತದೆ.

ಗಡಸು ನೀರಿನ ಊರುಗಳಲ್ಲಿ ವಾಷರ್ ಮೇಲೂ ಅದು ಕೂರುವ ಅಂಚಿನ ಮೇಲೂ ಬಿಳಿ ಸುಣ್ಣದ ಪೊರೆ ಕಟ್ಟಿರುತ್ತದೆ. ಟ್ಯಾಂಕರ್ ನೀರಿನ ಮನೆಗಳಲ್ಲಿ ಮರಳಿನ ಕಣ ಸಿಗುತ್ತದೆ. ಕೂರುವ ಅಂಚಿನ ಸುತ್ತ ಬೆರಳಾಡಿಸಿ. ಒಂದು ಸಾಸಿವೆ ಕಾಳಿನ ಅರ್ಧದಷ್ಟು ಗಂಟು ತಾಗಿದರೂ ಸೋರಿಕೆಗೆ ಅದು ಸಾಕು. ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅಂಚಿನ ಮೇಲೆ ಅರ್ಧ ಗಂಟೆ ಇಟ್ಟು, ಆಮೇಲೆ ಬಟ್ಟೆಯಿಂದಲೇ ಉಜ್ಜಿ ತೊಳೆಯಿರಿ. ಚಾಕು, ಮರಳು ಕಾಗದ, ಕಬ್ಬಿಣದ ಉಜ್ಜುಗ ಬೇಡ. ಅವು ಬಿಡುವ ಗೀರೇ ನಾಳೆಯ ಸೋರಿಕೆ. ಬ್ಲೀಚಿಂಗ್ ಪುಡಿ ಅಥವಾ ಕ್ಲೋರಿನ್ ದ್ರಾವಣ ಬಳಸಿದ್ದರೆ ಅದನ್ನು ಪೂರ್ತಿ ತೊಳೆಯದೆ ವಿನಿಗರ್ ತಾಗಿಸಬೇಡಿ, ವಿಷಗಾಳಿ ಏಳುತ್ತದೆ.

ವಾಷರನ್ನು ಬಿಡಿಸಿ ಎರಡು ಬೆರಳ ನಡುವೆ ಮಡಿಸಿ ನೋಡಿ. ಮೆತ್ತಗಿದ್ದು, ಬಿಟ್ಟ ಕೂಡಲೇ ಚಪ್ಪಟೆಯಾದರೆ ತೊಳೆದು ಮತ್ತೆ ಹಾಕಬಹುದು. ಎರಡೂ ಮುಖ ಒಂದೇ ತರಹ ಚಪ್ಪಟೆಯಾಗಿರುವ ವಾಷರಾದರೆ ಮಗುಚಿ ಹಾಕಿದರೂ ಕೆಲವು ಕಾಲ ನಡೆಯುತ್ತದೆ. ಗಟ್ಟಿಯಾಗಿದ್ದರೆ, ಅಂಚು ಅಲೆಯಂತೆ ಸುಕ್ಕಾಗಿದ್ದರೆ, ಬೆರಳಿಗೆ ಕಪ್ಪು ಹತ್ತಿದರೆ ಅದರ ಆಯಸ್ಸು ಮುಗಿದಿದೆ. ಟ್ಯಾಂಕಿನಲ್ಲಿ ಕ್ಲೋರಿನ್ ಶುಚಿ ಮಾತ್ರೆ ಹಾಕುವ ಮನೆಗಳಲ್ಲಿ ಇದು ಬೇಗ ಆಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಹೊರ ಸುತ್ತು, ಒಳ ತೂತು, ದಪ್ಪ ಮೂರೂ ಹೊಂದಬೇಕು. ರಬ್ಬರಿಗೆ ಎಣ್ಣೆ, ಗ್ರೀಸ್, ವ್ಯಾಸಲೀನ್ ಸವರಬೇಡಿ, ಉಬ್ಬಿ ಆಕಾರ ಕೆಡುತ್ತದೆ.

ಹೊಸ ವಾಷರ್ ಹಾಕಿದ ಮೇಲೂ ಮುಚ್ಚಳ ತೆಗೆದ ಪರೀಕ್ಷೆಯಲ್ಲಿ ಬಣ್ಣ ಇಳಿದರೆ ಉಳಿದದ್ದು ಎರಡೇ. ಕೂರುವ ಅಂಚೇ ಚಕ್ಕೆ ಎದ್ದಿದೆ, ಇಲ್ಲವೇ ವಾಲ್ವಿನ ಬುಡವನ್ನು ಟ್ಯಾಂಕಿಗೆ ಬಿಗಿದಿರುವ ದೊಡ್ಡ ವಾಷರ್ ಹೋಗಿದೆ. ಕಮೋಡಿನ ಮೇಲೇ ಕೂತಿರುವ ಟ್ಯಾಂಕಾದರೆ ಎರಡಕ್ಕೂ ಟ್ಯಾಂಕನ್ನು ಕೆಳಗಿಳಿಸಬೇಕಾಗುತ್ತದೆ. ಅದು ಪ್ಲಂಬರ್ ಕೆಲಸ. ಆದರೆ ಈಗ ಏನು ಬದಲಿಸಬೇಕೆಂದು ನೀವೇ ಅವರಿಗೆ ಹೇಳಬಲ್ಲಿರಿ.

## ಗೋಡೆಯೊಳಗಿನ ಟ್ಯಾಂಕಾದರೆ

ಗೋಡೆಯಲ್ಲಿ ಎರಡು ಗುಂಡಿಯ ತಟ್ಟೆ ಮಾತ್ರ ಕಾಣುವ ಮನೆಗಳಲ್ಲಿಯೂ ಕ್ರಮ ಇದೇ, ಕೈ ಹೋಗುವ ಜಾಗ ಮಾತ್ರ ಚಿಕ್ಕದು. ತಟ್ಟೆಯನ್ನು ಬಿಡಿಸಿದರೆ ಕಿಟಕಿಯಂಥ ತೆರಪು ಸಿಗುತ್ತದೆ. ಹೆಚ್ಚಿನವು ಮೇಲಕ್ಕೆ ತಳ್ಳಿ ಮುಂದಕ್ಕೆ ಎಳೆದರೆ ಬರುತ್ತವೆ. ನೀರು ಮುಚ್ಚುವ ಸಣ್ಣ ಕಾಕು ಹೆಚ್ಚಾಗಿ ಅದರೊಳಗೇ ಇರುತ್ತದೆ. ಬಣ್ಣವನ್ನು ಸೂಜಿ ತೆಗೆದ ಸಿರಿಂಜಿನಿಂದ ಪಕ್ಕದ ಗೋಡೆಗೆ ಬಿಡಿ. ಗೆರೆ ಎಳೆಯಲು ಆಗದಿದ್ದರೆ ಬಣ್ಣ ಮತ್ತು ಕಾಗದದ ಪಟ್ಟಿ ಎರಡನ್ನೇ ನಂಬಿ. ಮುಚ್ಚಳದ ಬದಲು ಇಲ್ಲಿ ತಟ್ಟೆ: ತಟ್ಟೆ ಹಾಕಿ ಒಮ್ಮೆ, ತೆಗೆದು ಒಮ್ಮೆ.

## ದುರಸ್ತಿಯ ನಂತರದ ಪರೀಕ್ಷೆ

ಕೆಲಸ ಮುಗಿದ ದಿನವೇ ಮೂರನೆಯ ಹಂತದಿಂದ ಪೂರ್ತಿ ಪರೀಕ್ಷೆಯನ್ನು ಮತ್ತೆ ಮಾಡಿ, ಮುಚ್ಚಳ ಹಾಕಿಯೇ. ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಹೊಸ ವಾಷರ್ ಅಂಚಿಗೆ ಹೊಂದಿಕೊಳ್ಳಲು ಕೆಲವು ದಿನ ಹಿಡಿಯಬಹುದು, ಪೈಪಿನಲ್ಲಿ ಕದಡಿದ ಮಣ್ಣು ಬಂದು ಮತ್ತೆ ಸಿಕ್ಕಿಕೊಳ್ಳಲೂಬಹುದು.

ಅಕ್ಕನ ಮನೆಯಲ್ಲಿ ದೊಡ್ಡ ಗುಂಡಿಯ ಕಡ್ಡಿಯನ್ನು ಎರಡು ಸುತ್ತು ಒಳಗೆ ತಿರುಗಿಸಿದೆವು. ರಾತ್ರಿ ಹತ್ತಕ್ಕೆ ಕಾಕು ಮುಚ್ಚಿ, ಮುಚ್ಚಳ ಹಾಕಿ ಮಲಗಿದೆವು. ಬೆಳಿಗ್ಗೆ ಆರಕ್ಕೆ ಅಕ್ಕನೇ ಟಾರ್ಚ್ ಹಿಡಿದು ನೋಡಿದರು. ನೀರು ಪೆನ್ಸಿಲ್ ಗೆರೆಯ ಮೇಲೆಯೇ ನಿಂತಿತ್ತು.